ಅಕ್ಕನ ಪಾರ್ಸೆಲ್ಲಿಗೆ ಬಿದ್ದ ಸುಂಕ

ಅಕ್ಕನ ಗಂಡನ ಅಣ್ಣನನ್ನು ನೆನೆದರೆ ಈಗಲೂ ನನ್ನ ಬಾಯಲ್ಲಿ ಉಗುಳು ತುಂಬಿಕೊಳ್ಳುತ್ತದೆ. ವರಸೆಯಲ್ಲಿ ನನಗೆ ಭಾವ. ಎದುರಿಗೆ ಬಂದರೆ ಇವತ್ತಿಗೂ 'ಬನ್ನಿ ಭಾವ' ಎನ್ನಬೇಕು, ಕೂರಲು ಸ್ಟೂಲು ಕೊಡಬೇಕು. ಥೂ, ಈ ಸಂಬಂಧಗಳ ಮನೆ ಹಾಳಾಗ.

ಕೊಳ್ಳೇಗಾಲದಲ್ಲಿ ನನ್ನದೊಂದು ಬ್ಲೌಸು ಹೊಲಿಯುವ ಅಂಗಡಿ. ಅಕ್ಕನನ್ನು ಯಳಂದೂರಿನ ಪಕ್ಕ ಹೊನ್ನೂರಿಗೆ ಕೊಟ್ಟಿದ್ದೆವು. ಅವಳ ಗಂಡ ಬೇಗ ಹೋದ. ಮಗಳನ್ನು ಅತ್ತೆಯ ಕೈಗೆ ಒಪ್ಪಿಸಿ ಅಕ್ಕ ಗಲ್ಫಿನ ಒಂದು ಮನೆಗೆ ಅಡುಗೆ ಕೆಲಸಕ್ಕೆ ಹೋದಳು. ಹೋಗುವಾಗ ಮಗಳಿಗೆ ಚಿಕ್ಕದಾಗಿದ್ದ ಸ್ಕೂಲ್ ಸ್ವೆಟರೊಂದನ್ನು ಬ್ಯಾಗಿಗೆ ಹಾಕಿಕೊಂಡಳು. ಮೆರೂನ್ ಬಣ್ಣದ್ದು, ಒಂದು ಗುಂಡಿ ಕಿತ್ತು ಹೋಗಿತ್ತು. 'ಇದ್ಯಾಕಕ್ಕ, ಅಲ್ಲಿ ಬೆಂಕಿ ಬಿಸ್ಲು' ಎಂದು ನಾನು ನಕ್ಕಿದ್ದೆ. ಆಮೇಲೆ ಫೋನಿನಲ್ಲಿ ಮಗಳಿಗೆ ಹೇಳುತ್ತಿದ್ದಳು, 'ನಿನ್ ಸ್ವೆಟರ್ನ ತಲೆ ಅಡೀಲಿ ಮಡಿಕಂಡೇ ಮನಗೋದು ಕಣವ್ವ. ಇಲ್ದಿದ್ರೆ ನಿದ್ದೆ ಬರಕಿಲ್ಲ.' ಮಗಳು ಬೆಳೆದು ಕಾಲೇಜು ಸೇರಿದರೂ ಆ ಮಾತು ಮುಗಿದಿರಲಿಲ್ಲ.

ಅಕ್ಕ ಅಲ್ಲಿಯೇ ತೀರಿಕೊಂಡಳು. ಕೆಲಸ ಮಾಡುತ್ತಲೇ ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲವಂತೆ. ನಮ್ಮ ದೇಶದ ರಾಯಭಾರ ಕಚೇರಿಯವರು ಕಾಗದ ಪತ್ರ ಮಾಡಿಸಿ ದೇಹ ಕಳಿಸಿದರು. ಬಂದದ್ದು ಅದೊಂದೇ. ಬಟ್ಟೆಬರೆ ಯಾವುದೂ ಬರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಹುಡುಗಿ ನನ್ನ ಕಿವಿಯಲ್ಲಿ ಕೇಳಿದ್ದು ಒಂದೇ, 'ಚಿಕ್ಕಮ್ಮ, ಆ ಸ್ವೆಟರ್ ಎಲ್ಲೋಯ್ತು?'

ಅಕ್ಕನ ಜೊತೆ ಅದೇ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳು ಅಜ್ಜೀಪುರದ ಹೆಂಗಸು. ಪುಣ್ಯಾತ್ಗಿತ್ತಿ, ಅಕ್ಕನ ಸಾಮಾನನ್ನೆಲ್ಲ ಒಂದು ಡಬ್ಬಕ್ಕೆ ತುಂಬಿ, ರಜೆಯ ದಿನ ಅಲ್ಲಿನ ಅಂಚೆ ಕಚೇರಿಗೆ ಹೊತ್ತುಕೊಂಡು ಹೋಗಿ, ಹುಡುಗಿಯ ಹೆಸರಿಗೆ ಕಳಿಸಿದಳು. ಪಾರ್ಸೆಲ್ಲು ಬೆಂಗಳೂರಿನ ವಿದೇಶಿ ಅಂಚೆ ಕಚೇರಿಗೆ ಬಂದು, ಕಸ್ಟಮ್ಸಿನವರು ಸುಂಕ ಹಾಕಿ, ಯಳಂದೂರಿನ ಅಂಚೆ ಕಚೇರಿಗೆ ಬಂದು ಕೂತಿತು. ಸುಂಕವನ್ನೂ ಅಂಚೆಯವರ ಸಣ್ಣ ಚಾರ್ಜನ್ನೂ ಕಟ್ಟಿ ಬಿಡಿಸಿಕೊಳ್ಳಿ ಎಂದು ಹೊನ್ನೂರಿಗೆ ಪೋಸ್ಟ್‌ಮ್ಯಾನ್ ಚೀಟಿ ತಂದ. ಆ ಚೀಟಿ ಹುಡುಗಿಯ ಕೈಗೆ ಸಿಕ್ಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸಿಕ್ಕಿದ್ದು ಭಾವನ ಕೈಗೆ.

ಸುಂಕದ ಮೊತ್ತ ನೋಡಿ ಭಾವನ ಕಣ್ಣು ಅರಳಿತು. ಇಷ್ಟು ಸುಂಕ ಬೀಳಬೇಕಾದರೆ ಒಳಗಡೆ ಎಷ್ಟು ಬೆಲೆಯ ಮಾಲಿರಬೇಡ! ಆ ಮನುಷ್ಯ ಮಾಡಿದ ಮೊದಲ ಕೆಲಸವೆಂದರೆ ಚೀಟಿಯ ಫೋಟೋ ಹೊಡೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದು. ಹುಡುಗಿಯ ಹೆಸರು, ವಿಳಾಸ, ಪಾರ್ಸೆಲ್ ನಂಬರು, ಎಲ್ಲವೂ ಊರಿಗೆಲ್ಲ ಕಾಣುವ ಹಾಗೆ. ಕೆಳಗೆ 'ಫಾರಿನ್ನಿಂದ' ಎಂದು ಬರೆದು ಮೂರು ಹೂವಿನ ಚಿತ್ರ ಬೇರೆ. ಸತ್ತವಳ ಸಾಮಾನು ಬಂದಿದೆಯಲ್ಲ ಎಂದು ಒಂದು ಕ್ಷಣ ಸುಮ್ಮನೆ ಕೂರುವ ಬುದ್ಧಿ ಇರಲಿಲ್ಲ ಆ ಮನೆಯಲ್ಲಿ ಯಾರಿಗೂ.

ನಾನು ಅಜ್ಜೀಪುರದವಳಿಗೆ ಫೋನ್ ಹಚ್ಚಿದೆ. 'ಏನಮ್ಮಿ ಕಳಿಸಿದ್ದೀಯ ಅದ್ರಲ್ಲಿ?'

'ಏನೈತಕ್ಕ, ಅವ್ರು ಉಟ್ಟು ಬುಟ್ಟಿದ್ ಸೀರೆ, ನೈಟಿ, ಒಂದ್ ಕಂಬ್ಳಿ, ದೇವ್ರು ಪಟ, ಆ ಸ್ವೆಟ್ರು. ಅಷ್ಟೇಯ.'

'ಮತ್ತೆ ಅಷ್ಟೊಂದ್ ಬೆಲೆ ಯಾಕ್ ಬರ್ದೆ?'

ಅವಳು ಸಣ್ಣಗೆ ಅಂದಳು, 'ಫಾರಮ್ಮಲ್ಲಿ ಬೆಲೆ ಬರಿ ಅಂದ್ರು ಕಣಕ್ಕ. ಸತ್ತೋರ್ ಸಾಮಾನ್ಗೆ ಕಮ್ಮಿ ಬರಿಯಕ್ಕೆ ಮನ್ಸು ಬರ್ನಿಲ್ಲ. ನಮ್ಮೂರಲ್ಲಿ ಮುಯ್ಯಿ ಓದ್ಸೋವಾಗ ಯಾರಾರ ಕಮ್ಮಿ ಓದುಸ್ತಾರಾ? ಅಕ್ಕೋರ್ ಮರ್ವಾದೆಗೆ ಕಮ್ಮಿ ಆಗ್ಬಾರ್ದು ಅಂತ ಬರ್ದೆ. ಮೇಲೆ ಗಿಫ್ಟು ಅಂತಾನೂ ಬರ್ದೆ.'

ನಮ್ಮ ಕಡೆ ಮದುವೆಗಳಲ್ಲಿ ಮುಯ್ಯಿ ಓದುವುದೆಂದರೆ ಸುಮ್ಮನೆ ಅಲ್ಲ. ಯಾರು ಏನು ಕೊಟ್ಟರು ಎಂದು ಮೈಕಿನಲ್ಲಿ ಕೂಗುತ್ತಾರೆ. ಸ್ಟೀಲ್ ಕೊಳಗ ಕೊಟ್ಟವನೂ ಅದರ ಬೆಲೆಯನ್ನು ಒಂದಕ್ಕೆರಡು ಮಾಡಿ ಓದಿಸುತ್ತಾನೆ, ಕೇಳುವವರೂ ಮುಸಿಮುಸಿ ನಗುತ್ತಾ ಒಪ್ಪಿಕೊಳ್ಳುತ್ತಾರೆ. ಅಲ್ಲಿ ಅದಕ್ಕೆ ಯಾರೂ ತೆರಿಗೆ ಹಾಕುವುದಿಲ್ಲ. ಇಲ್ಲಿ ಬರೆದ ಬೆಲೆಯ ಮೇಲೆ ಕಸ್ಟಮ್ಸಿನವರು ಲೆಕ್ಕ ಹಾಕಿದ್ದರು. ಅವರ ತಪ್ಪೇನಿದೆ? ಗಿಫ್ಟು ಎಂದು ಬರೆದ ಮಾತ್ರಕ್ಕೆ ಸುಂಕ ಬಿಡುವುದಿಲ್ಲವೆಂದು ಆ ಹೆಂಗಸಿಗೆ ಯಾರು ಹೇಳಬೇಕಿತ್ತು? ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಇಡೀ ಪ್ರಕರಣದಲ್ಲಿ ಅಕ್ಕನಿಗೆ ಮರ್ಯಾದೆ ಕೊಟ್ಟವಳು ಅವಳೊಬ್ಬಳೇ.

ಭಾವನಿಗೆ ಇದನ್ನೆಲ್ಲ ಹೇಳೋಣವೆಂದು ಹೊನ್ನೂರಿಗೆ ಹೋದರೆ ಅಲ್ಲಿ ಬೇರೆಯೇ ನಾಟಕ ನಡೆದಿತ್ತು. ಜಗುಲಿಯ ತುಂಬ ಹತ್ತಿರದ ದೂರದ ನೆಂಟರು. ಅಕ್ಕ ಬದುಕಿದ್ದಾಗ 'ಅರಬ್ಬರ ಮನೆ ಮುಸುರೆ ತಿಕ್ಕೋಳು' ಎಂದು ಮೂಗು ಮುರಿದವರೇ ಕಾಫಿ ಹೀರುತ್ತಾ ಕೂತಿದ್ದರು. ಭಾವ ಫೋನನ್ನು ನನ್ನ ಮುಖಕ್ಕೆ ಹಿಡಿದ.

'ನೋಡಮ್ಮಿ, ದಿಲ್ಲಿ ಕಸ್ಟಮ್ಸಿಂದ ಸಾಹೇಬ್ರು ಫೋನ್ ಮಾಡಿದ್ರು. ಪಾರ್ಸೆಲ್ನಲ್ಲಿ ಚಿನ್ನ ಐತಂತೆ. ಸ್ಕ್ಯಾನಿಂಗಲ್ಲಿ ಕಂಡೈತೆ. ದಿಲ್ಲಿ ಏರ್‌ಪೋರ್ಟಲ್ಲಿ ಇಡ್ಕಂಡವ್ರೆ. ಸಂಜೆಗಂಟ ದುಡ್ ಆಕ್ನಿಲ್ಲ ಅಂದ್ರೆ ಪೊಲೀಸ್ ಕೇಸು.'

ಮೂರು ಸಿಂಹದ ಮುದ್ರೆ ಇದ್ದ ಪತ್ರವೊಂದು ವಾಟ್ಸಾಪಿನಲ್ಲಿ ಬಂದಿತ್ತು. ಹುಡುಗಿಯ ಹೆಸರು ಸರಿ, ಪಾರ್ಸೆಲ್ ನಂಬರು ಸರಿ. ಸರಿ ಇರದೆ ಇನ್ನೇನು, ಇವನೇ ಊರಿಗೆಲ್ಲ ಹಂಚಿದ್ದನಲ್ಲ! ದುಡ್ಡು ಹಾಕಬೇಕಾದದ್ದು ಯಾವನದೋ ಖಾಸಗಿ ಹೆಸರಿನ ಯುಪಿಐಗೆ. ಮೊತ್ತ ಪೋಸ್ಟ್‌ಮ್ಯಾನ್ ತಂದ ಚೀಟಿಯಲ್ಲಿದ್ದದ್ದಕ್ಕಿಂತ ಎಷ್ಟೋ ಹೆಚ್ಚು.

'ಭಾವ, ಒಂದ್ ಪೈಸೆ ಆಕ್ಬೇಡಿ' ಎಂದೆ. 'ಪಾರ್ಸೆಲ್ ಯಳಂದೂರಲ್ಲಿ ಐತೆ ಅಂತ ಚೀಟಿ ಏಳ್ತೈತೆ. ಅದೇ ಪಾರ್ಸೆಲ್ ದಿಲ್ಲೀಲೂ ಎಂಗೆ ಇರ್ತೈತೆ?'

'ನಿಂಗೇನ್ ಗೊತ್ತು, ಬಟ್ಟೆ ಒಲಿಯೋಳ್ಗೆ.'

ಮೈಯೆಲ್ಲ ಉರಿದುಹೋಯಿತು. ಆದರೆ ಅಲ್ಲಿ ಜಗಳಕ್ಕೆ ನಿಂತರೆ ಇವನು ಅಷ್ಟರಲ್ಲಿ ದುಡ್ಡು ಹಾಕಿಬಿಡುತ್ತಾನೆ ಎಂದು ಹುಡುಗಿಯ ಅಜ್ಜಿಯನ್ನು ಹಿಡಿದುಕೊಂಡೆ. 'ಅತ್ತೆ, ನೀವೇ ಏಳಿ, ಯಳಂದೂರಲ್ಲಿ ಕೇಳೋಗಂಟ ಇವ್ರು ದುಡ್ ಆಕುದ್ರೆ ನನ್ಮೇಲಾಣೆ' ಎಂದು ಹೇಳಿ, ಹುಡುಗಿಯನ್ನೂ ಭಾವನನ್ನೂ ಆಟೋ ಹತ್ತಿಸಿದೆ. ಆಟೋದಲ್ಲೇ ಹುಡುಗಿ ಅಂಚೆ ಇಲಾಖೆಯ ವೆಬ್‌ಸೈಟು ತೆಗೆದು ಚೀಟಿಯ ನಂಬರು ಹಾಕಿದಳು. ಆ ದೇಶ ಬಿಟ್ಟದ್ದು, ಬೆಂಗಳೂರಿಗೆ ಬಂದದ್ದು, ಕಸ್ಟಮ್ಸಿಗೆ ಕೊಟ್ಟದ್ದು, ಅಲ್ಲಿಂದ ಬಿಡುಗಡೆಯಾದದ್ದು, ಯಳಂದೂರು ತಲುಪಿದ್ದು ಎಲ್ಲವೂ ಒಂದರ ಕೆಳಗೊಂದು ಇತ್ತು. ದಿಲ್ಲಿಯ ಸುದ್ದಿಯೇ ಇರಲಿಲ್ಲ. ಭಾವ ಹೊರಗಡೆ ಕಬ್ಬಿನ ಗದ್ದೆ ನೋಡುತ್ತಾ ಕೂತಿದ್ದ, ತನಗೆ ಕಿವಿಯೇ ಇಲ್ಲವೆನ್ನುವ ಹಾಗೆ.

ಯಳಂದೂರಿನ ಪೋಸ್ಟ್‌ಮಾಸ್ಟರಿಗೆ ಆ ದಿನ ಸರ್ವರು ಕೈಕೊಟ್ಟಿತ್ತು, ಪಿಂಚಣಿಯವರ ಸಾಲು ಬಾಗಿಲಾಚೆ ಹೋಗಿತ್ತು. ಸಿಡಿಮಿಡಿ ಎನ್ನುತ್ತಲೇ ಎದ್ದು ಹೋಗಿ, ಡಬ್ಬವನ್ನು ತಂದು ಕೌಂಟರಿನ ಆಚೆಯೇ ಇಟ್ಟು ತೋರಿಸಿದರು. ಅದರ ಮೇಲೆ ಸುಂಕ ಇಷ್ಟು ಎಂದು ಅಂಟಿಸಿದ ಚೀಟಿ ಇತ್ತು. ನಮ್ಮ ಕೈಯಲ್ಲಿದ್ದ ಚೀಟಿಗೂ ಅದಕ್ಕೂ ಮೊತ್ತ ತಾಳೆಯಾಯಿತು.

'ದುಡ್ಡು ಕಟ್ಟೋದು ಇಲ್ಲೇ, ಈ ಕೌಂಟರಲ್ಲೇ. ಕಟ್ಟಿದ್ಮೇಲೆ ರಸೀದಿ ಕೊಡ್ತೀವಿ' ಎಂದರು. 'ಕಸ್ಟಮ್ಸಿನವರು ಫೋನ್ ಮಾಡಿ ಯಾರ್ದೋ ಖಾತೆಗೆ ಹಾಕಿ ಅನ್ನಲ್ಲ. ಅವರು ಪತ್ರ ಕಳಿಸಿದ್ರೆ ಅದಕ್ಕೊಂದು ಗುರುತಿನ ನಂಬರು ಇರುತ್ತೆ, ಅವರ ವೆಬ್‌ಸೈಟಲ್ಲಿ ಹಾಕಿ ನೋಡ್ಕೊಳ್ಳಿ.'

ಹುಡುಗಿ ಆ ಸಿಂಹದ ಪತ್ರದ ನಂಬರನ್ನು ಹಾಕಿ ನೋಡಿದಳು. ಅಂಥ ದಾಖಲೆಯೇ ಇಲ್ಲವೆಂದು ಬಂತು. ನಾನು ಭಾವನ ಫೋನು ಕಿತ್ತುಕೊಂಡು ಆ ಸಾಹೇಬನ ನಂಬರಿನ ಮೇಲೆ ಸೈಬರ್ ಸಹಾಯವಾಣಿಗೆ ದೂರು ಕೊಡಿಸಿದೆ. ಸರಿ, ಇನ್ನಾದರೂ ಚಿನ್ನದ ಹುಚ್ಚು ಇಳಿಯಿತಲ್ಲ ಎಂದುಕೊಂಡೆ. ಭಾವ ನನ್ನನ್ನು ಪಕ್ಕಕ್ಕೆ ಕರೆದು, ಗುಟ್ಟು ಹೇಳುವವನ ಹಾಗೆ ಹೇಳಿದ.

'ಅವ್ನು ಕಳ್ಳನೇ ಇರ್ಬೋದು ಕಣಮ್ಮಿ. ಆದ್ರೆ ಚಿನ್ನ ಐತೆ ಅಂತ ಕಳ್ಳಂಗೂ ಗೊತ್ತಾಗೈತೆ ಅಂದ್ರೆ, ಐತೆ ಅಂತಾನೇ ಅರ್ಥ ಅಲ್ವಾ?'

ಅಯ್ಯೋ ಶಿವನೇ! ಮೋಸಗಾರನ ಮಾತಿನಲ್ಲಿ ದುಡ್ಡಿನ ಭಾಗವೊಂದನ್ನು ಬಿಟ್ಟು ಚಿನ್ನದ ಭಾಗವನ್ನು ಮಾತ್ರ ನಂಬುವ ಮನುಷ್ಯನಿಗೆ ಏನು ಹೇಳುವುದು? ಪಕ್ಕದಲ್ಲಿ ಹುಡುಗಿ ಕೌಂಟರಿನ ಜಾಲರಿಗೆ ಮುಖವಿಟ್ಟು ಆ ಡಬ್ಬವನ್ನೇ ನೋಡುತ್ತಿದ್ದಳು. ಅಮ್ಮನ ಜೊತೆ ಕೆಲಸ ಮಾಡಿದವಳ ಸೊಟ್ಟ ಅಕ್ಷರದಲ್ಲಿ ಅದರ ಮೇಲೆ ಅವಳ ಹೆಸರಿತ್ತು.

ಅಷ್ಟು ಸುಂಕ ಕಟ್ಟುವ ಶಕ್ತಿ ಅವಳಿಗಿರಲಿಲ್ಲ. ನನಗೂ ಆ ತಿಂಗಳು ಕಷ್ಟವಿತ್ತು. ಅಕ್ಕನ ದೇಹ ಕಳಿಸುವಾಗ ರಾಯಭಾರ ಕಚೇರಿಯವರು ಬರೆದಿದ್ದ ಇಮೇಲ್ ವಿಳಾಸ ಇನ್ನೂ ಹುಡುಗಿಯ ಹತ್ತಿರ ಇತ್ತು. ಅವರಿಗೇ ಬರೆದು ಕೇಳಿದೆವು. ಉತ್ತರ ಬಂತು. ತೀರಿಕೊಂಡವರು ಬಳಸಿದ ಸ್ವಂತ ಸಾಮಾನು ಇದು ಎಂದು ರಾಯಭಾರ ಕಚೇರಿ ಪ್ರಮಾಣಪತ್ರ ಕೊಟ್ಟರೆ, ಅದನ್ನು ತೋರಿಸಿ ಸುಂಕದ ವಿನಾಯಿತಿ ಕೇಳಬಹುದಂತೆ. ಅಜ್ಜೀಪುರದವಳು ಅಲ್ಲಿ ಓಡಾಡಿ ಮಾಡಿಸಿಕೊಡುತ್ತೇನೆ ಎಂದಳು. ಯಳಂದೂರಿಗೆ ಮತ್ತೆ ಹೋಗಿ, ಸುಂಕವನ್ನು ಮರುಪರಿಶೀಲಿಸಬೇಕು, ಅಲ್ಲಿಯವರೆಗೆ ಪಾರ್ಸೆಲ್ ಹಿಂದಕ್ಕೆ ಕಳಿಸಬಾರದು ಎಂದು ಹುಡುಗಿಯಿಂದ ಅರ್ಜಿ ಕೊಡಿಸಿದೆ. ಪೋಸ್ಟ್‌ಮಾಸ್ಟರು ಅದನ್ನು ಬೆಂಗಳೂರಿಗೆ ಕಳಿಸುತ್ತೇವೆ ಎಂದರು. 'ಆದರೆ ಪಾರ್ಸೆಲ್ ಇಲ್ಲಿ ವರ್ಷಗಟ್ಟಲೆ ಇಟ್ಕೊಳ್ಳೋಕಾಗಲ್ಲಮ್ಮ, ಕಾಗದ ಬೇಗ ತನ್ನಿ. ಇನ್ನೊಂದು, ದುಡ್ಡು ಕಟ್ಟಿ ಬಿಡಿಸ್ಕೊಂಡ್ಬಿಟ್ಟರೆ ಆಮೇಲೆ ವಾಪಸ್ ಕೇಳೋದು ಬಹಳ ಕಷ್ಟ.'

ಈ ವಿಷಯ ಭಾವನಿಗೆ ಗೊತ್ತಾದಾಗ ಅವನು ಕುಣಿದಾಡಿಬಿಟ್ಟ. 'ಮರುಪರಿಶೀಲನೆ ಅಂದ್ರೆ ಡಬ್ಬ ಬಿಚ್ತಾರೆ! ಬಿಚ್ಚಿದ್ರೆ ಚಿನ್ನ ಸಿಕ್ಕಾಕತದೆ! ನಿಂಗ್ ತಲೆಗಿಲೆ ಕೆಟ್ಟೈತಾ?' ಉಳಿಸುವ ದಾರಿ ಇದ್ದರೂ ಬೇಡ, ಪೂರ್ತಿ ಕಟ್ಟಿ ತಂದರೇ ಅವನಿಗೆ ಲಾಭ. ಚಿನ್ನದ ಪಾಲಿನ ಆಸೆಗೆ ನೆಂಟರೂ ತಲೆಗಿಷ್ಟು ದುಡ್ಡು ಹಾಕಿದರು. ಅಕ್ಕನ ತಿಥಿಗೆ ಒಂದು ಸೇರು ಅಕ್ಕಿ ತರದವರು.

ಪಾರ್ಸೆಲ್ಲು ಹುಡುಗಿಯ ಹೆಸರಿಗಿತ್ತು, ಅವಳು ಸಹಿ ಹಾಕದೆ ಕೊಡುವುದಿಲ್ಲ. ಅವಳನ್ನು ಹೇಗೆ ಒಪ್ಪಿಸಿದರೆಂದು ನನಗೆ ಆಮೇಲೆ ಗೊತ್ತಾಯಿತು. 'ನಿನ್ ಅರ್ಜಿ ತಿರಸ್ಕಾರ ಆಗೈತೆ, ನಾಳಿಕ್ಕೆ ಡಬ್ಬ ವಾಪಸ್ ಓಯ್ತದೆ, ಅಲ್ಲಿ ಕಸಕ್ಕೆ ಎಸೀತಾರೆ' ಎಂದು ಭಾವ ಸುಳ್ಳು ಹೇಳಿದ್ದ. ಅಮ್ಮನ ಸ್ವೆಟರು ಕಸಕ್ಕೆ ಹೋಗುತ್ತದೆ ಎಂದರೆ ಆ ಹುಡುಗಿ ಏನಕ್ಕೆ ತಾನೇ ಸಹಿ ಹಾಕುವುದಿಲ್ಲ? ಹಾಕಿದಳು. ಭಾವ ದುಡ್ಡು ಕಟ್ಟಿ ರಸೀದಿಯನ್ನು ಜೇಬಿಗಿಳಿಸಿ ಡಬ್ಬವನ್ನು ಬೈಕಿನ ಮೇಲೆ ಹೊತ್ತು ತಂದ.

ಸುದ್ದಿ ಸಿಕ್ಕಿ ನಾನು ಕೊಳ್ಳೇಗಾಲದಿಂದ ಹೋಗುವ ಹೊತ್ತಿಗೆ ಡಬ್ಬ ಬಿಚ್ಚಿಯಾಗಿತ್ತು. ಹಜಾರದಲ್ಲಿ ಅಕ್ಕನ ಸೀರೆಗಳು ಚೆಲ್ಲಾಡಿದ್ದವು. ದೇವರ ಪಟದ ಹಿಂದಿನ ರಟ್ಟು ಕಿತ್ತಿದ್ದರು. ಕಂಬಳಿಯ ಅಂಚನ್ನು ಒಬ್ಬ ಹಲ್ಲಿನಿಂದ ಬಿಚ್ಚುತ್ತಿದ್ದ, ಥೂ, ಹಲ್ಲಿನಿಂದ! ಅಕ್ಕನ ಒಳಲಂಗಗಳ ಲಾಡಿ ಪಟ್ಟಿಯನ್ನು ಸಹ ಬಿಡದೆ ಹೆಂಗಸರು ಬೆರಳಿನಲ್ಲಿ ಒತ್ತಿ ಒತ್ತಿ ನೋಡುತ್ತಿದ್ದರು. ನಡುವೆ ಭಾವ ಚಕ್ಕಳಮಕ್ಕಳ ಕೂತಿದ್ದ. ಅವನ ಕೈಯಲ್ಲಿ ಕತ್ತರಿ, ತೊಡೆಯ ಮೇಲೆ ಮೆರೂನ್ ಸ್ವೆಟರು. ಕೆಳಗಿನ ಪಟ್ಟಿ ದಪ್ಪವಾಗಿದೆ, ಒಳಗೆ ಏನೋ ಹೊಲಿದಿದ್ದಾಳೆ ಎಂದು ಕತ್ತರಿಸಿ ನೋಡಿ, ಸಿಕ್ಕದೆ, ತೋಳಿಗೆ ಬಂದಿದ್ದ. ಒಂದು ತೋಳು ಆಗಲೇ ಬೇರೆಯಾಗಿ ಬಿದ್ದಿತ್ತು.

ಹುಡುಗಿ ಅಳುತ್ತಿರಲಿಲ್ಲ. ಕಂಬಕ್ಕೆ ಒರಗಿ ನಿಂತಿದ್ದಳು. ನಾನು ಕತ್ತರಿ ಕಿತ್ತುಕೊಂಡೆ. 'ಮನುಷ್ಯರೇನ್ರೀ ನೀವು?' ಎಂದು ಕಿರುಚಿದ್ದು ಬೀದಿಯವರೆಗೆ ಕೇಳಿಸಿತಂತೆ. ಭಾವ ತಲೆ ಎತ್ತಿ ಹೇಳಿದ, 'ಅಳೆ ಬಟ್ಟೆಗೆ ಇಷ್ಟ್ ಸುಂಕ ಕಟ್ಟುಸ್ಬುಟ್ಳಲ್ಲಮ್ಮಿ ನಿಮ್ಮಕ್ಕ.' ಸತ್ತವಳು ಕಟ್ಟಿಸಿದಳಂತೆ!

ಚೆಲ್ಲಿದ್ದನ್ನೆಲ್ಲ ಬಳಿದು ಚೀಲಕ್ಕೆ ತುಂಬಿಕೊಂಡು ಹುಡುಗಿಯನ್ನು ಕೊಳ್ಳೇಗಾಲಕ್ಕೆ ಕರೆತಂದೆ. ಸ್ವೆಟರನ್ನು ಕೂಡಿಸೋಣವೆಂದು ಮೇಜಿನ ಮೇಲೆ ಹರಡಿದರೆ ಆ ಕತ್ತರಿಸಿದ ತೋಳಿಲ್ಲ. ಗಡಿಬಿಡಿಯಲ್ಲಿ ಅಲ್ಲೇ ಉಳಿದಿತ್ತು. ಧೂಳಾಗಿದೆ, ಮೊದಲು ಉಳಿದದ್ದನ್ನಾದರೂ ನೆನೆಸಿಡುತ್ತೇನೆ ಎಂದು ಬಕೆಟ್ ತಂದೆ. ಹುಡುಗಿ ಓಡಿ ಬಂದು ಕೈ ಹಿಡಿದುಕೊಂಡಳು. 'ಚಿಕ್ಕಮ್ಮ, ತೊಳೀಬೇಡ! ಅಮ್ಮನ್ ತಲೆ ಎಣ್ಣೆ ವಾಸ್ನೆ ಐತೆ ಅದ್ರಲ್ಲಿ.' ಮೂಗಿಗೆ ಹಿಡಿದು ನೋಡಿದೆ. ಇತ್ತು. ನಾನು ಆಗ ಅತ್ತೆ.

ಆಮೇಲೆ ರಾಯಭಾರ ಕಚೇರಿಯ ಪ್ರಮಾಣಪತ್ರ ಬಂತು. ಅದರಲ್ಲಿ ಪ್ರತಿ ಸಾಮಾನಿನ ಮುಂದೆಯೂ 'ತೀರಿಕೊಂಡವರು ಬಳಸಿದ್ದು' ಎಂದಿತ್ತು. ಇನ್ನು ಅದರಿಂದ ಏನು ಪ್ರಯೋಜನ ಎಂದು ಡ್ರಾಯರಿನಲ್ಲಿ ಹಾಕಿಟ್ಟೆ. ಆದರೆ ಅದರ ಸುದ್ದಿ ಹೇಗೋ ಹೊನ್ನೂರು ಮುಟ್ಟಿತು. ಒಂದು ದಿನ ಭಾವ ಬೈಕಿನಲ್ಲಿ ಅಂಗಡಿಗೇ ಬಂದ. ಹಲ್ಲು ಕಿರಿದುಕೊಂಡು ಸ್ಟೂಲಿನ ಮೇಲೆ ಕೂತ. ಕೈಯಲ್ಲಿ ಟೈಪು ಮಾಡಿಸಿದ ಅರ್ಜಿ. ಕಟ್ಟಿದ ಸುಂಕ ವಾಪಸ್ ಕೊಡಿ ಎಂದು ಕಸ್ಟಮ್ಸಿಗೆ ಕೇಳುವುದಂತೆ. ಸಿಕ್ಕರೂ ಸಿಗಬಹುದು ಎಂದು ಯಾರೋ ಹೇಳಿದ್ದಾರಂತೆ. ಅದಕ್ಕೆ ಆ ಪ್ರಮಾಣಪತ್ರ ಬೇಕು, ಪಾರ್ಸೆಲ್ ಪಡೆದವಳ ಸಹಿ ಬೇಕು.

ಅರ್ಜಿಯನ್ನು ಓದಿದೆ. 'ನನ್ನ ಪ್ರೀತಿಯ ತಾಯಿಯ ನೆನಪಿನ ಹಳೆಯ ಬಟ್ಟೆಗಳು' ಎಂದು ಹುಡುಗಿಯ ಮಾತಿನಲ್ಲಿ ಬರೆಸಿದ್ದ. ನೆನಪಿನ ಬಟ್ಟೆಗಳಂತೆ! ಅರ್ಜಿಯನ್ನು ಅವನ ಮುಖಕ್ಕೆ ಎಸೆಯಬೇಕೆನ್ನಿಸಿತು. ಅಷ್ಟರಲ್ಲಿ ಒಳಗೆ ಗುಂಡಿ ಹಾಕುತ್ತಿದ್ದ ಹುಡುಗಿ ಎದ್ದು ಬಂದಳು.

'ಸೈನ್ ಆಕ್ತೀನಿ ದೊಡ್ಡಪ್ಪ. ಸ್ವೆಟರ್ದು ಒಂದ್ ತೋಳು ನಿಮ್ಮನೇಲಿ ಉಳ್ಕೊಂಡೈತೆ. ಅದ್ ಕೊಡು.'

ಭಾವನ ಕಣ್ಣು ತಾನಾಗಿ ಹೊರಗೆ ನಿಂತಿದ್ದ ಬೈಕಿನ ಕಡೆ ಹೊರಳಿತು. ನಾವಿಬ್ಬರೂ ಅತ್ತ ನೋಡಿದೆವು. ಸೀಟಿನ ಕೆಳಗೆ ಸಿಕ್ಕಿಸಿದ್ದ ಒರೆಸುವ ಬಟ್ಟೆಯ ತುದಿ ಹೊರಗೆ ನೇತಾಡುತ್ತಿತ್ತು. ಮೆರೂನ್ ಬಣ್ಣ.

ಅವನು ಹೋಗಿ ಅದನ್ನು ಎಳೆದು ತಂದು ಮೇಜಿನ ಮೇಲಿಟ್ಟ. ಗ್ರೀಸಿನಿಂದ ಕರ್ರಗಾಗಿ ಕಟ್ಟಿಕೊಂಡಿತ್ತು. ಹುಡುಗಿ ಅದನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. ತುಂಬ ಹೊತ್ತು ಹಿಡಿದಿದ್ದಳು. ಆಮೇಲೆ ಮೆಲ್ಲಗೆ ಅವನ ಮುಂದೆಯೇ ಇಟ್ಟು, ಅದರ ಮೇಲೆ ಸಹಿಯಿಲ್ಲದ ಅರ್ಜಿಯನ್ನೂ ಇಟ್ಟು, ಎರಡನ್ನೂ ಒಟ್ಟಿಗೆ ಅವನ ಕಡೆಗೆ ತಳ್ಳಿದಳು.

'ಇದ್ರಲ್ಲಿ ಪೆಟ್ರೋಲ್ ವಾಸ್ನೆ ಬತ್ತಾ ಐತೆ ದೊಡ್ಡಪ್ಪ' ಎಂದಳು. 'ಇದು ನಿಂದೇ. ತಕಂಡೋಗು.'